ಪ್ಯಾಂಟಿನ ಲೆಕ್ಕದಲ್ಲಿ ಅಡಗಿದ್ದ ಖಾಲಿ ಮಿಷನ್ನುಗಳು

ಬಳ್ಳಾರಿಯಲ್ಲಿ ಮನೆಮಂದಿಯೇ ನಡೆಸುವ ಜೀನ್ಸ್ ಘಟಕಗಳು ಬೇಕಾದಷ್ಟಿವೆ. ಅಂಥದೊಂದರಲ್ಲಿ, ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಚಿಕ್ಕಪ್ಪನ ಲೆಕ್ಕ ಬರೆಯಲು ಕೂತಿದ್ದಾಳೆ ಎಂದುಕೊಳ್ಳಿ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು 410 ರೂಪಾಯಿಯಂತೆ 3,000 ಪ್ಯಾಂಟು ಕೇಳಿದರು. ಚಿಕ್ಕಪ್ಪ ಒಪ್ಪಲಿಲ್ಲ.

"ನಮಗೇ 420 ಬೀಳ್ತದೆ. ಕೈಯಿಂದ ಹತ್ತು ರೂಪಾಯಿ ಹಾಕಿ ಯಾರಮ್ಮಾ ಹೊಲಿತಾರೆ?"

ಹಬ್ಬದ ತಿಂಗಳಲ್ಲಿ ಇದೇ ಪ್ಯಾಂಟಿಗೆ 400 ಬಿದ್ದಿತ್ತು. ಅವಳು ಎರಡೂ ತಿಂಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟಳು. ಬಟ್ಟೆ, ಜಿಪ್ಪು, ಗುಂಡಿ, ದಾರ, ಪೀಸ್ ಲೆಕ್ಕದ ಹೊಲಿಗೆ ಕೂಲಿ, ವಾಷಿಂಗ್ ಎಲ್ಲ ಸೇರಿ ಎರಡರಲ್ಲೂ 370. ಬದಲಾದದ್ದು 'ಕಾರ್ಖಾನೆ ಖರ್ಚು' ಎಂಬ ಒಂದೇ ಸಾಲು: ಅಲ್ಲಿ 30, ಇಲ್ಲಿ 50.

ಬಾಡಿಗೆ, ಸೂಪರ್‌ವೈಸರ್ ಸಂಬಳ, ಕರೆಂಟಿನ ನಿಗದಿತ ಶುಲ್ಕ, ಮಿಷನ್ನಿನ ಸವಕಳಿ ಆ ಸಾಲಿನಲ್ಲಿದ್ದವು. ಹೊಲಿಗೆ ನಡೆಯಲಿ ಬಿಡಲಿ, ತಿಂಗಳಿಗೆ 3,60,000 ತಪ್ಪದು. 12,000 ಪ್ಯಾಂಟಿಗೆ ಹಂಚಿದಾಗ 30 ಆಗಿದ್ದು, 7,200ಕ್ಕೆ ಹಂಚಿದಾಗ 50 ಆಗಿತ್ತು.

"ಈ ಇಪ್ಪತ್ತು ರೂಪಾಯಿ ಪ್ಯಾಂಟಿಂದಲ್ಲ ಚಿಕ್ಕಪ್ಪಾ, ಸುಮ್ನೆ ನಿಂತ ಮಿಷನ್ನುಗಳದ್ದು."

ಹಾಗೆಂದು ಹಬ್ಬದ ತಿಂಗಳ 12,000ವನ್ನೇ ಅಳತೆಯಾಗಿ ಹಿಡಿಯುವಂತಿಲ್ಲ. ಅದು ಭರಾಟೆಯ ದಿನಗಳ ಉತ್ಪಾದನೆ. ಭಾರತದ ಲೆಕ್ಕಪತ್ರ ಮಾನದಂಡ ಎಎಸ್-2 ಕೇಳುವುದು ಸಾಮಾನ್ಯ ಸಾಮರ್ಥ್ಯವನ್ನು. ಅಂದರೆ ಮಾಮೂಲಿ ರಿಪೇರಿಯ ದಿನಗಳನ್ನು ಕಳೆದು, ಹಲವು ಹಂಗಾಮುಗಳಲ್ಲಿ ಸರಾಸರಿ ಎಷ್ಟು ತಯಾರಾಗುತ್ತದೋ ಅಷ್ಟು. ಹಳೆಯ ಪುಸ್ತಕಗಳನ್ನು ತಿರುವಿದಾಗ ಅವಳಿಗೆ ಸಿಕ್ಕಿದ್ದು 10,000. ಹಾಗಾದರೆ ಪ್ಯಾಂಟಿನ ಪಾಲಿಗೆ 36, ಒಟ್ಟು 406. ಹೊಲಿಯದೇ ಉಳಿದ 2,800 ಪ್ಯಾಂಟುಗಳ ಪಾಲು 1,00,800. ಇದನ್ನು ಗೋದಾಮಿನ ಸರಕಿನ ಬೆಲೆಗೆ ಸೇರಿಸದೆ, ಆಯಾ ಅವಧಿಯ ಖರ್ಚಾಗಿಯೇ ತೋರಿಸಬೇಕೆನ್ನುತ್ತದೆ ಮಾನದಂಡ.

ಈ ಸಾಲು ಬೇರೆಯಾಗಿ ನಿಲ್ಲದಿದ್ದರೆ ಏನಾಗುತ್ತದೆಂಬುದೇ ನನಗೆ ಹೆಚ್ಚು ಕಳವಳದ ಸಂಗತಿ. ಕೆಲಸ ಕಡಿಮೆಯಾದಂತೆ ಹಾಳೆಯಲ್ಲಿ ಪ್ಯಾಂಟು ದುಬಾರಿಯಾಗುತ್ತದೆ. ಮಾಲೀಕರು ದರ ಏರಿಸುತ್ತಾರೆ, ಗಿರಾಕಿ ಪಕ್ಕದ ಘಟಕಕ್ಕೆ ಹೋಗುತ್ತಾನೆ. ತಯಾರಿ 6,000ಕ್ಕೆ ಇಳಿದರೆ ಅದೇ ಸಾಲು 60 ಆಗುತ್ತದೆ. ಪೀಸ್ ಲೆಕ್ಕದಲ್ಲಿ ಹೊಲಿಯುವವರ ಕೂಲಿಯೂ ಅದರ ಜೊತೆಗೇ ಕರಗುತ್ತದೆ.

ಹುಬ್ಬಳ್ಳಿಯ ಆರ್ಡರು ಒಪ್ಪಿಕೊಂಡರೆ ಪ್ಯಾಂಟಿಗೆ 370 ಕಳೆದು 40 ಉಳಿಯುತ್ತದೆ, ಒಟ್ಟು 1,20,000. ಖಾಲಿ ಮಿಷನ್ನುಗಳ ಹೊರೆಗಿಂತ ಅದು ಹೆಚ್ಚೇ. ಆದರೆ ಹೊಲಿಗೆ ಮಿಷನ್ನು ಖಾಲಿಯಿದ್ದರೆ ಸಾಲದು. ಕಟಿಂಗ್ ಟೇಬಲ್ಲಿಗೆ, ವಾಷಿಂಗಿಗೆ ಆ 3,000 ತುಂಡುಗಳನ್ನು ಮುಗಿಸುವ ಬಿಡುವೂ ಇರಬೇಕು. ಕಟಿಂಗ್ ಮಾಸ್ತರರನ್ನು ಕೇಳಿ ಬಂದ ಮೇಲೆ ಅವಳು ಚಿಕ್ಕಪ್ಪನಿಗೆ ಇನ್ನೊಂದು ಮಾತು ಹೇಳಿದಳು: "ಈ ತಿಂಗಳು 410ಕ್ಕೆ ಕೊಡೋಣ. ದಸರಾ ಮುಂದೆ ಇದೇ ರೇಟು ಕೇಳಿದ್ರೆ ಮಾತ್ರ ಬೇಡ, ಆಗ ನಮ್ಮ ಹಳೇ ಗಿರಾಕಿಗಳ ಮಾಲು ನಿಲ್ಲುತ್ತೆ."