ಎರಡನೇ ಸರ್ವರ್‌ಗೆ ದುಡ್ಡು ಕೇಳುವ ಪತ್ರ

ಕಂಪ್ಯೂಟರ್ ವಿಭಾಗದಿಂದ ಆಡಳಿತದ ಮೇಜಿಗೆ ಬರುವ ಅರ್ಜಿಗಳಲ್ಲಿ ಎರಡನೇ ಡೇಟಾಬೇಸ್ ಸರ್ವರ್ ಕೇಳುವ ಪತ್ರಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಇರುವ ಸರ್ವರ್ ಚೆನ್ನಾಗಿಯೇ ಓಡುತ್ತಿರುವಾಗ ಅಂಥದ್ದೇ ಇನ್ನೊಂದು ಏಕೆ ಎಂದು ಮಾಲೀಕರು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. ‘ಕೆಟ್ಟರೆ ಭಾರಿ ನಷ್ಟ’ ಎಂಬ ಹೆದರಿಕೆ ಪತ್ರದಲ್ಲಿರುತ್ತದೆ, ಆದರೆ ಎಷ್ಟು ಹೊತ್ತು ಕೆಲಸ ನಿಲ್ಲುತ್ತದೆ, ಎಷ್ಟು ಹಣ ಹೋಗುತ್ತದೆ ಎಂಬ ಲೆಕ್ಕ ಇರುವುದಿಲ್ಲ. ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿದರೆ ಎಂಜಿನಿಯರ್ ಮೊದಲು ಕೇಳಬೇಕೆಂದಿದ್ದ ಯಂತ್ರವೇ ಬದಲಾಗಿಬಿಡಬಹುದು. ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ.

ಹುಬ್ಬಳ್ಳಿಯಲ್ಲಿ ಒಬ್ಬ ಔಷಧ ಸಗಟು ವ್ಯಾಪಾರಿ ಇದ್ದಾರೆ ಎಂದುಕೊಳ್ಳಿ. ಗದಗ, ಹಾವೇರಿ, ಧಾರವಾಡದ ಮೆಡಿಕಲ್ ಶಾಪ್‌ಗಳಿಗೆ ದಿನಕ್ಕೆ 20 ಲಕ್ಷ ರೂಪಾಯಿ ಮಾಲು ಹೋಗುತ್ತದೆ. ಪ್ರತಿ ಬಿಲ್ಲಿನಲ್ಲೂ ಔಷಧದ ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಬರಬೇಕು. ಯಾವ ಬ್ಯಾಚಿನ ಎಷ್ಟು ಪೆಟ್ಟಿಗೆ ಎಲ್ಲಿವೆ ಎಂಬುದು ಕಂಪ್ಯೂಟರಿನಲ್ಲಿದೆ. ಹಾಗಾಗಿ ಸರ್ವರ್ ನಿಂತರೆ ಕೈಬರಹದ ಬಿಲ್ಲಿನಲ್ಲಿ ದಿನ ತಳ್ಳುವುದು ಸುಲಭವಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್. ರಾತ್ರಿ 2 ಗಂಟೆಗೆ ಒಂದು ಬ್ಯಾಕಪ್ ಆಗುತ್ತದೆ. ಸರ್ವರ್ ಒಂದೇ, ಅದರ ವಾರಂಟಿ ಮುಗಿದಿದೆ.

ರೆಪ್ಲಿಕಾ ಎಂದರೆ ಏನೆಂದು ಮಾಲೀಕರಿಗೆ ಅವರ ಮಾತಿನಲ್ಲೇ ಹೇಳಬಹುದು. ಹಳೆಯ ಅಂಗಡಿಗಳಲ್ಲಿ ವ್ಯವಹಾರ ನಡೆದ ಕೂಡಲೇ ಕಿರ್ದಿಯಲ್ಲಿ ಬರೆಯುತ್ತಿದ್ದರು. ಅಲ್ಲಿಂದ ಆಮೇಲೆ ಖತಾವಣಿಗೆ ಏರಿಸುತ್ತಿದ್ದರು. ಪೋಸ್ಟ್‌ಗ್ರೆಸ್ ಮಾಡುವುದೂ ಇದನ್ನೇ. ಯಾವ ಬದಲಾವಣೆಯಾದರೂ ಮೊದಲು ‘ವಾಲ್’ ಎಂಬ ಕಿರ್ದಿಗೆ ಹೋಗುತ್ತದೆ, ಕೋಷ್ಟಕಗಳು ಇರುವ ಕಡತಗಳಿಗೆ ನಂತರ. ಆ ಕಿರ್ದಿಯ ಸಾಲುಗಳನ್ನು ಬರೆದ ಹಾಗೆಯೇ ಇನ್ನೊಂದು ಯಂತ್ರಕ್ಕೆ ಕಳಿಸಿದರೆ, ಆ ಯಂತ್ರ ಅವನ್ನು ಓದಿ ತನ್ನದೇ ಖತಾವಣಿ ಕಟ್ಟಿಕೊಳ್ಳುತ್ತದೆ. ಅದೇ ರೆಪ್ಲಿಕಾ. 2010ರಲ್ಲಿ ಬಂದ 9.0 ಆವೃತ್ತಿಯಿಂದ ಈ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲೇ ಇದೆ, ಅದಕ್ಕೆ ಬೇರೆ ಶುಲ್ಕವಿಲ್ಲ. ಖರ್ಚು ಬೀಳುವುದು ಯಂತ್ರಕ್ಕೆ, ವಿದ್ಯುತ್ತಿಗೆ, ಎರಡು ಜಾಗಗಳ ನಡುವಿನ ಸಂಪರ್ಕಕ್ಕೆ ಮತ್ತು ನೋಡಿಕೊಳ್ಳುವವರ ಸಮಯಕ್ಕೆ.

ಪತ್ರ ಶುರುವಾಗಬೇಕಾದದ್ದು ಮಾತ್ರ ರೆಪ್ಲಿಕಾದಿಂದಲ್ಲ. ಈಗ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಅಳೆದು ಬರೆಯುವುದು ಮೊದಲ ಕೆಲಸ. ಅಳೆಯುವುದೆಂದರೆ ಬ್ಯಾಕಪ್ಪನ್ನು ಒಂದು ಖಾಲಿ ಯಂತ್ರದ ಮೇಲೆ ನಿಜವಾಗಿ ಮರುಸ್ಥಾಪಿಸಿ ಗಡಿಯಾರ ನೋಡುವುದು. 200 ಜಿಬಿ ಡೇಟಾವನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲು ಮಾಡಲು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ `pg_dump`ನಿಂದ ತೆಗೆದ ಬ್ಯಾಕಪ್ಪಿನಲ್ಲಿ ಇಂಡೆಕ್ಸ್‌ಗಳು ಇರುವುದಿಲ್ಲ, ಅವನ್ನು ಕಟ್ಟುವ ಆದೇಶ ಮಾತ್ರ ಇರುತ್ತದೆ. ಒಂದೊಂದನ್ನೂ ಹೊಸದಾಗಿ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ ಅದೆಲ್ಲ ಸೇರಿ 3 ಗಂಟೆಯಾಯಿತು ಎಂದಿಟ್ಟುಕೊಳ್ಳೋಣ. ಅದಕ್ಕೂ ಮುನ್ನ ಬದಲಿ ಯಂತ್ರ ತಂದು ಸಿದ್ಧಪಡಿಸಲು 4 ಗಂಟೆ, ಕೊನೆಗೆ ತಾಳೆ ನೋಡಲು 1 ಗಂಟೆ. ಒಟ್ಟು 8 ಗಂಟೆ, ಅಂದರೆ ಒಂದು ಪೂರ್ತಿ ವ್ಯಾಪಾರದ ದಿನ.

ನಿಂತ ಸಮಯ ಬೇರೆ, ಕಳೆದ ಡೇಟಾ ಬೇರೆ. ಇವೆರಡನ್ನೂ ಪತ್ರದಲ್ಲಿ ಬೇರೆಬೇರೆಯಾಗಿಯೇ ಬರೆಯಬೇಕು. ಸಂಜೆ 4ಕ್ಕೆ ಡಿಸ್ಕ್ ಕೆಟ್ಟರೆ ಸಿಗುವುದು ರಾತ್ರಿ 2 ಗಂಟೆಯ ಸ್ಥಿತಿ. ಬೆಳಿಗ್ಗೆ 9ರಿಂದ ಮಾಡಿದ ಬಿಲ್ಲು, ಬಂದ ಹಣ, ಇಳಿಸಿಕೊಂಡ ಮಾಲು ಎಲ್ಲವೂ ಹೋಗಿರುತ್ತದೆ. ಇದಕ್ಕೊಂದು ಅಗ್ಗದ ಮದ್ದಿದೆ, ಮತ್ತು ಅದನ್ನು ಮುಚ್ಚಿಟ್ಟು ದೊಡ್ಡ ಯಂತ್ರ ಕೇಳುವುದು ಸರಿಯಲ್ಲ. ದಿನಕ್ಕೊಮ್ಮೆ ಇಡೀ ಡೇಟಾದ ಭೌತಿಕ ನಕಲು ತೆಗೆದು, ಕಿರ್ದಿಯ ಪುಟಗಳನ್ನು ಐದೈದು ನಿಮಿಷಕ್ಕೆ ಬೇರೊಂದು ಡಿಸ್ಕಿಗೆ ನಕಲಿಸುತ್ತಿದ್ದರೆ ಕಳೆಯುವ ಡೇಟಾ ಏಳು ಗಂಟೆಯಿಂದ ಐದು ನಿಮಿಷಕ್ಕೆ ಇಳಿಯುತ್ತದೆ. ಇದಕ್ಕೆ ಹೊಸ ಸರ್ವರ್ ಬೇಕಿಲ್ಲ, ಇರುವ ಯಾವುದಾದರೂ ಯಂತ್ರದಲ್ಲಿ ಜಾಗವಿದ್ದರೆ ಸಾಕು. ಇದನ್ನು ಇದೇ ವಾರ ಮಾಡಿ, ಮಾಡಿದ್ದೇನೆಂದು ಪತ್ರದಲ್ಲಿ ಬರೆದು, ಆಮೇಲೆ ಉಳಿದ ನಷ್ಟದ ಮೇಲೆ ರೆಪ್ಲಿಕಾದ ಲೆಕ್ಕ ಹಾಕಬೇಕು.

ಉಳಿಯುವುದು ಕೆಲಸ ನಿಲ್ಲುವ ಆ 8 ಗಂಟೆ. ಇಲ್ಲಿ ಅನೇಕರು ದಿನದ ವಹಿವಾಟನ್ನೇ ನಷ್ಟವೆಂದು ಬರೆದುಬಿಡುತ್ತಾರೆ. 20 ಲಕ್ಷ ನಷ್ಟ ಎಂದು ಓದಿದ ಮಾಲೀಕರಿಗೆ ತಮ್ಮ ವ್ಯಾಪಾರ ಗೊತ್ತು. ಪತ್ರದ ಮೇಲಿನ ನಂಬಿಕೆ ಆ ಸಾಲಿನಲ್ಲೇ ಹೋಗುತ್ತದೆ. ಮಾಲು ಗೋದಾಮಿನಲ್ಲೇ ಇದೆ. ಹೋಗುವುದು ಲಾಭಾಂಶ ಮಾತ್ರ. ಅದು ಶೇಕಡಾ 8 ಎಂದರೆ 1,60,000 ರೂಪಾಯಿ. ಅರ್ಧದಷ್ಟು ಅಂಗಡಿಯವರು ಮರುದಿನ ಇಲ್ಲಿಂದಲೇ ತರಿಸುತ್ತಾರೆ, ಉಳಿದರ್ಧ ಆ ದಿನ ಬೇರೆ ಸಗಟು ವ್ಯಾಪಾರಿಯ ಬಳಿ ಹೋಗುತ್ತಾರೆ ಎಂದರೆ 80,000. ಕೆಲಸವಿಲ್ಲದೆ ಕುಳಿತ 25 ಜನರ ಆ ದಿನದ ಸಂಬಳ ತಲಾ 800ರಂತೆ 20,000. ಒಟ್ಟು ಒಂದು ಲಕ್ಷ.

ರೆಪ್ಲಿಕಾ ಇದ್ದರೆ 8 ಗಂಟೆಯ ಬದಲು 20 ನಿಮಿಷದಲ್ಲಿ ಬಿಲ್ಲಿಂಗ್ ಮತ್ತೆ ಶುರುವಾಗುತ್ತದೆ. ಆಗಿನ ನಷ್ಟ 5,000 ಎಂದು ಹಿಡಿದರೂ ಒಂದು ಸಲ ಉಳಿಯುವುದು 95,000.

ಈಗ ಖರ್ಚಿನ ಕಡೆ ನೋಡಿ. ಇರುವ ಸರ್ವರಿಗೆ ಸರಿಸಮನಾದದ್ದು 4 ಲಕ್ಷವಾದರೆ, ಐದು ವರ್ಷಕ್ಕೆ ಹಂಚಿ ವರ್ಷಕ್ಕೆ 80,000. ಕರೆಂಟು, ಸಂಪರ್ಕ, ನಿರ್ವಹಣೆಗೆ 30,000. ವರ್ಷಕ್ಕೆ 1,10,000. ಸರ್ವರ್ ಎಷ್ಟು ವರ್ಷಕ್ಕೊಮ್ಮೆ ಕೆಡುತ್ತದೆ ಎಂಬುದನ್ನು ಯಾವ ಎಂಜಿನಿಯರೂ ಮುಂಚಿತವಾಗಿ ಹೇಳಲಾರ. ಹೇಳಲು ಹೋಗಬಾರದು ಕೂಡ. ಬದಲಿಗೆ ಪ್ರಶ್ನೆಯನ್ನು ತಿರುಗಿಸಿ, ಎಷ್ಟು ದಿನಕ್ಕೊಮ್ಮೆ ಕೆಟ್ಟರೆ ಈ ದುಡ್ಡು ಹುಟ್ಟುತ್ತದೆ ಎಂದು ಕೇಳಬೇಕು. 1,10,000ಕ್ಕೆ 95,000 ಹೋಲಿಸಿದರೆ ಹತ್ತು ತಿಂಗಳಿಗೊಮ್ಮೆ ಕೆಡಬೇಕು. ಒಂದು ಸಾಮಾನ್ಯ ಸರ್ವರ್ ಅಷ್ಟು ಬೇಗಬೇಗ ಕೈಕೊಡುವುದಿಲ್ಲ. ಅಂದರೆ ಈ ವ್ಯಾಪಾರಕ್ಕೆ ಸರಿಸಮನಾದ ಎರಡನೇ ಸರ್ವರ್ ದುಬಾರಿಯೇ.

ಆದರೆ ರೆಪ್ಲಿಕಾ ಅಷ್ಟೇ ದೊಡ್ಡದಿರಬೇಕೆಂಬ ನಿಯಮವಿಲ್ಲ. ಒಳ್ಳೆಯ ಎಸ್‌ಎಸ್‌ಡಿ ಎರಡು, ಸಾಕಷ್ಟು ಮೆಮೊರಿ ಇರುವ 1,20,000 ರೂಪಾಯಿಯ ಯಂತ್ರ ಕಿರ್ದಿ ಓದಿ ಬರೆದುಕೊಳ್ಳುವುದನ್ನು ಆರಾಮವಾಗಿ ಮಾಡುತ್ತದೆ. ಆಪತ್ತಿನ ದಿನ ಬಿಲ್ಲಿಂಗ್ ಅದರ ಮೇಲೆ ನಡೆಯುತ್ತದೆ, ತಿಂಗಳ ವರದಿಗಳು ನಿಧಾನವಾಗುತ್ತವೆ. ವರ್ಷಕ್ಕೆ 24,000, ಇತರ ಖರ್ಚು 16,000, ಒಟ್ಟು 40,000. ಇದು ಎರಡು ವರ್ಷ ನಾಲ್ಕು ತಿಂಗಳಿಗೊಮ್ಮೆ ಕೆಟ್ಟರೂ ಹುಟ್ಟುತ್ತದೆ. ವಾರಂಟಿ ಮುಗಿದ ಯಂತ್ರಕ್ಕೆ ಅಷ್ಟು ಎಣಿಸುವುದು ಅತಿಯಲ್ಲ. ಬೇರೆ ಕಡೆಯಿಂದ ತರಿಸಿ ಅಲ್ಲೇ ನಿಂತುಬಿಡುವ ಗಿರಾಕಿಗಳನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಆ ತೂಕ ಎಷ್ಟೆಂದು ಮಾಲೀಕರಿಗೇ ಹೆಚ್ಚು ಗೊತ್ತು, ಅದನ್ನು ಅವರಿಗೇ ಬಿಡುವುದು ಒಳ್ಳೆಯದು.

ಹಾಗಾಗಿ ಪತ್ರದ ತಿರುಳು ಹೀಗಿರಬಹುದು:

“ಮಾನ್ಯರೇ, ಈಗ ಸರ್ವರ್ ಕೆಟ್ಟರೆ ಎಂಟು ಗಂಟೆ ಬಿಲ್ಲಿಂಗ್ ನಿಲ್ಲುತ್ತದೆ, ಮರುಸ್ಥಾಪನೆ ಮಾಡಿ ನೋಡಿಯೇ ಬರೆಯುತ್ತಿದ್ದೇನೆ. ಅಂಥ ಒಂದು ದಿನಕ್ಕೆ ಸುಮಾರು ಒಂದು ಲಕ್ಷ ನಷ್ಟ. 1,20,000 ರೂಪಾಯಿಯ ಯಂತ್ರವೊಂದನ್ನು ಗೋದಾಮಿನಲ್ಲಿ ಇಟ್ಟರೆ ಇದು ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ನಾಲ್ಕು ಲಕ್ಷದ ಸರ್ವರ್ ನಮಗೆ ಬೇಡ. ಯಾರಾದರೂ ತಪ್ಪಾಗಿ ಡೇಟಾ ಅಳಿಸಿದರೆ ಈ ಯಂತ್ರ ಕಾಪಾಡುವುದಿಲ್ಲ. ಅದಕ್ಕೆ ಬ್ಯಾಕಪ್ ಬೇಕೇ ಬೇಕು.”

ಗೋದಾಮು ಎಂದು ಬರೆದದ್ದಕ್ಕೆ ಕಾರಣವಿದೆ. ಎರಡೂ ಯಂತ್ರ ಒಂದೇ ಕೋಣೆಯಲ್ಲಿ ಒಂದೇ ಯುಪಿಎಸ್‌ಗೆ ಜೋತುಬಿದ್ದಿದ್ದರೆ ಕೆಡುವಾಗ ಒಟ್ಟಿಗೇ ಕೆಡುತ್ತವೆ. ಕೊನೆಯ ಸಾಲಿನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರೆಪ್ಲಿಕಾ ಬಂದ ಮೇಲೆ ಬ್ಯಾಕಪ್ ಕಡೆಗಣಿಸುವ ಅಪಾಯ ನಿಜವಾದದ್ದು. ತಪ್ಪಾಗಿ ಕೊಟ್ಟ ‘ಅಳಿಸು’ ಆದೇಶವೂ ಕಿರ್ದಿಯಲ್ಲಿ ದಾಖಲಾಗುತ್ತದೆ. ಅರೆಕ್ಷಣದಲ್ಲಿ ರೆಪ್ಲಿಕಾ ಕೂಡ ವಿಧೇಯವಾಗಿ ಅಳಿಸಿಕೊಳ್ಳುತ್ತದೆ.

ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದದ್ದನ್ನು ಆ ಸಂಸ್ಥೆಯೇ ಬಿಚ್ಚಿ ಬರೆದು ಪ್ರಕಟಿಸಿದೆ. ಅವರಲ್ಲೂ ಪೋಸ್ಟ್‌ಗ್ರೆಸ್, ಒಂದು ಮುಖ್ಯ ಸರ್ವರ್, ಒಂದು ರೆಪ್ಲಿಕಾ. ಆ ದಿನ ಹೊರೆ ವಿಪರೀತವಾಗಿ ರೆಪ್ಲಿಕಾ ಹಿಂದೆ ಬಿತ್ತು. ಅದು ಓದಬೇಕಾಗಿದ್ದ ಕಿರ್ದಿಯ ಪುಟಗಳನ್ನು ಮುಖ್ಯ ಸರ್ವರ್ ಅಷ್ಟರಲ್ಲಿ ತೆಗೆದುಹಾಕಿತ್ತು. ರೆಪ್ಲಿಕಾವನ್ನು ಬರಿದು ಮಾಡಿ ಮೊದಲಿನಿಂದ ಕಟ್ಟಲು ಹೊರಟ ಎಂಜಿನಿಯರ್, ಹಳೆಯ ಡೇಟಾ ಅಳಿಸುವ ಆದೇಶವನ್ನು ಮುಖ್ಯ ಸರ್ವರ್ ಮೇಲೆ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ರೆಪ್ಲಿಕಾ ಆಗಲೇ ಖಾಲಿಯಾಗಿತ್ತು. ಬ್ಯಾಕಪ್ ಹುಡುಕಿದರೆ ಅದೂ ಖಾಲಿ: `pg_dump`ನ ಹಳೆಯ ಆವೃತ್ತಿ ಹೊಸ ಡೇಟಾಬೇಸಿನ ಮೇಲೆ ಓಡಿ ವಿಫಲವಾಗುತ್ತಿತ್ತು, ವಿಫಲವಾಯಿತೆಂದು ಹೇಳುವ ಇಮೇಲ್‌ಗಳು ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಪರೀಕ್ಷೆಯ ಕೆಲಸಕ್ಕೆಂದು ತೆಗೆದಿದ್ದ ಒಂದು ಡಿಸ್ಕ್ ನಕಲು ಅವರನ್ನು ಉಳಿಸಿತು. ಆ ಆರು ಗಂಟೆಗಳ ಡೇಟಾ ಮರಳಿ ಬರಲಿಲ್ಲ.

ಈ ಘಟನೆಯಿಂದ ನಮ್ಮ ಎಂಜಿನಿಯರ್ ತೆಗೆದುಕೊಳ್ಳಬೇಕಾದದ್ದು ನಿತ್ಯದ ಕೆಲಸವನ್ನು. ರೆಪ್ಲಿಕಾ ಎಷ್ಟು ಹಿಂದಿದೆ ಎಂದು ಅದರ ಮೇಲೆಯೇ ಕೇಳಿ ನೋಡಬಹುದು:

```
SELECT now() - pg_last_xact_replay_timestamp();
```

ಹಗಲು ಇದು ಒಂದೆರಡು ಸೆಕೆಂಡ್ ತೋರಿಸಬೇಕು. ರಾತ್ರಿ ಯಾರೂ ಬಿಲ್ಲು ಮಾಡದಿರುವಾಗ ಗಂಟೆಗಟ್ಟಲೆ ತೋರಿಸಿದರೆ ಹೆದರಬೇಕಿಲ್ಲ, ಕೊನೆಯ ವ್ಯವಹಾರವೇ ಅಷ್ಟು ಹಿಂದಿನದು. ಹಗಲು ಈ ಅಂಕಿ ಏರುತ್ತಲೇ ಹೋದರೆ ಸಂಪರ್ಕವೋ ಡಿಸ್ಕೋ ಸೋತಿದೆ ಎಂದರ್ಥ, ಅಂದೇ ನೋಡಬೇಕು. ರೆಪ್ಲಿಕಾ ಬರೆದುಕೊಂಡೆ ಎನ್ನುವವರೆಗೆ ಮುಖ್ಯ ಸರ್ವರ್ ಕಾಯುವಂತೆ ಮಾಡಿದರೆ ಒಂದು ಬಿಲ್ಲೂ ಕಳೆಯುವುದಿಲ್ಲ. ಆದರೆ ಗೋದಾಮಿನ ಸಂಪರ್ಕ ಕಡಿದರೆ ಕಚೇರಿಯ ಬಿಲ್ಲಿಂಗೂ ನಿಂತುಹೋಗುತ್ತದೆ. ಒಂದೇ ರೆಪ್ಲಿಕಾ ಇರುವಲ್ಲಿ ಕಾಯಿಸದೆ, ಕೊನೆಯ ಒಂದೆರಡು ಸೆಕೆಂಡಿನ ವ್ಯವಹಾರ ಹೋಗಬಹುದೆಂದು ಒಪ್ಪಿಕೊಳ್ಳುವುದೇ ಮೇಲು.

ಪತ್ರ ದುಡ್ಡಿನ ಜೊತೆ ಇನ್ನೊಂದನ್ನೂ ಕೇಳಬೇಕು. ಕಚೇರಿಯ ಸರ್ವರ್ ಉತ್ತರ ಕೊಡುತ್ತಿಲ್ಲ ಎಂದರೆ ಅದು ಸತ್ತಿರಬಹುದು, ಕೇಬಲ್ಲಷ್ಟೇ ಕಡಿದಿರಬಹುದು. ಬದುಕಿರುವಾಗಲೇ ರೆಪ್ಲಿಕಾವನ್ನು ಮುಖ್ಯ ಮಾಡಿಬಿಟ್ಟರೆ ಎರಡೂ ಕಡೆ ಬಿಲ್ಲುಗಳಾಗಿ, ಒಂದೇ ಬ್ಯಾಚ್ ಎರಡು ಸಲ ಮಾರಾಟವಾಗಿ, ಅವನ್ನು ಹೊಂದಿಸುವ ಕೆಲಸ ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಮೊದಲು ಹಳೆಯ ಸರ್ವರಿನ ವಿದ್ಯುತ್ ತೆಗೆಯಬೇಕು, ನಂತರವೇ ರೆಪ್ಲಿಕಾದಲ್ಲಿ `SELECT pg_promote();` ಕೊಟ್ಟು ಬಿಲ್ಲಿಂಗ್ ಯಂತ್ರಗಳಿಗೆ ಹೊಸ ವಿಳಾಸ ತೋರಿಸಬೇಕು. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಇದನ್ನು ಪೂರ್ತಿ ಮಾಡಿ ನೋಡಲು ಆಡಳಿತದ ಅನುಮತಿ ಬೇಕು. ಮಾಡಿ ನೋಡದ ಇಪ್ಪತ್ತು ನಿಮಿಷ ಬರೀ ಊಹೆ. ಕೆಲಸದ ದಿನ ಆ ನಿರ್ಧಾರ ಯಾರದು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು. ಅವರ ಹೆಸರು, ಅವರು ಫೋನ್ ಎತ್ತದಿದ್ದರೆ ಯಾರನ್ನು ಕೇಳಬೇಕೆಂಬ ಎರಡನೇ ಹೆಸರು, ಎರಡನ್ನೂ ಮಾಲೀಕರು ಮಂಜೂರಾತಿಯ ಕಾಗದದಲ್ಲೇ ಬರೆದುಕೊಡಲಿ.