ದಾರಿ ತಪ್ಪಿದ ಲಗತ್ತು

ಆಡಿಟರ್‌ಗೆ ಹೋಗಬೇಕಿದ್ದ ನಮ್ಮ ಕಚೇರಿಯ ಸಂಬಳದ ಪಟ್ಟಿ ಒಮ್ಮೆ ಅದೇ ಹೆಸರಿನ ಕಾಗದದ ವ್ಯಾಪಾರಿಗೆ ಹೋಯಿತು. ಎರಡು ಅಕ್ಷರ ಒತ್ತಿದ್ದೇ ತಡ, ಇಮೇಲ್ ತಾನೇ ತುಂಬಿಕೊಟ್ಟ ವಿಳಾಸ ಅದು.

ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯಲು ಹೆಚ್ಚೆಂದರೆ 30 ಸೆಕೆಂಡ್ ಸಿಗುತ್ತದೆ. ಔಟ್‌ಲುಕ್‌ನ ರೀಕಾಲ್ ಸಂಸ್ಥೆಯ ಹೊರಗೆ ಹೋದ ಪತ್ರಕ್ಕೆ ನಡೆಯುವುದಿಲ್ಲ. ಹಾಗಾಗಿ ಹೀಗೆ ಬರೆದೆವು:

“ನಮಸ್ಕಾರ. ಇಂದು 10.40ಕ್ಕೆ ನಮ್ಮಿಂದ ಬಂದ ಇಮೇಲ್‌ನ ಲಗತ್ತು ಬೇರೆಯವರಿಗೆ ಸೇರಬೇಕಾದ ಗೋಪ್ಯ ಕಡತ. ದಯವಿಟ್ಟು ತೆರೆಯದೆ, ಯಾರಿಗೂ ಕಳಿಸದೆ, ಇನ್‌ಬಾಕ್ಸ್, ಟ್ರ್ಯಾಶ್, ಡೌನ್‌ಲೋಡ್ಸ್ ಮೂರರಿಂದಲೂ ಅಳಿಸಿ, ಒಂದು ಸಾಲು ತಿಳಿಸಿ. ಈಗಾಗಲೇ ಯಾರಿಗಾದರೂ ಕಳಿಸಿದ್ದರೆ ಅದನ್ನೂ ಹೇಳಿ. ತಪ್ಪು ನಮ್ಮದು, ಕ್ಷಮಿಸಿ.”

ಗಮನಿಸಿ, ಇದರಲ್ಲಿ ‘ಸಂಬಳ’ ಎಂಬ ಪದವೇ ಇಲ್ಲ. ಒಳಗೇನಿದೆ ಎಂದು ಬರೆದರೆ ತೆರೆದು ನೋಡುವ ಕುತೂಹಲವನ್ನು ನಾವೇ ಹುಟ್ಟಿಸಿದಂತೆ. ‘ಅತಿ ತುರ್ತು’, ‘ಕಾನೂನು ಕ್ರಮ’ ಎಂಬ ಮಾತುಗಳೂ ಅದೇ ಕೆಲಸ ಮಾಡುತ್ತವೆ. ಜೊತೆಗೆ, ತಪ್ಪೇ ಮಾಡದವರನ್ನು ಹೆದರಿಸುವುದು ನನಗೆ ಸರಿಕಾಣದು. ಸಮಯ ಕೊಟ್ಟದ್ದು ಅವರಿಗೆ ಪತ್ರ ಬೇಗ ಸಿಗಲೆಂದು. ಟ್ರ್ಯಾಶ್ ಹೆಸರಿಸಿದ್ದಕ್ಕೂ ಕಾರಣವಿದೆ: ಜಿಮೇಲ್‌ನಲ್ಲಿ ಅಳಿಸಿದ್ದು 30 ದಿನ ಅಲ್ಲೇ ಕೂತಿರುತ್ತದೆ. ಮೂಲ ಪತ್ರವನ್ನು ಫಾರ್ವರ್ಡ್ ಮಾಡಿ ಬರೆದರೆ ಕಡತ ಮತ್ತೊಮ್ಮೆ ಹೋಗುತ್ತದೆ. ಅದಕ್ಕೇ ಹೊಸ ಇಮೇಲ್.

ಮಧ್ಯಾಹ್ನ ಉತ್ತರ ಬಂತು: “ಅಳಿಸಿದ್ದೇನೆ. ಆದರೆ ಬಿಲ್ ಎಂದುಕೊಂಡು ನಮ್ಮ ಅಕೌಂಟೆಂಟ್‌ಗೆ ಕಳಿಸಿದ್ದೆ, ಅವರಿಗೂ ಹೇಳಿದ್ದೇನೆ.” ಕೇಳದಿದ್ದರೆ ಆ ಎರಡನೇ ಪ್ರತಿಯ ಸುಳಿವೇ ನಮಗೆ ಸಿಗುತ್ತಿರಲಿಲ್ಲ. ನಿಜಕ್ಕೂ ಅಳಿಸಿದರೇ ಎಂದು ನೋಡಲು ದಾರಿಯಿಲ್ಲ. ಅದೇ ಸಂಜೆ, ಪಟ್ಟಿಯಲ್ಲಿದ್ದ ಎಲ್ಲರಿಗೂ ವಿಷಯ ತಿಳಿಸಿದೆವು.