ನಾರಾಯಣ ಪಂಡಿತನ ಹಸು ಮತ್ತು ಸಮೀಕರಣದ ಮೂಲಗಳು

ಒಂದು ಹಸು ವರ್ಷಕ್ಕೊಂದು ಹೆಣ್ಣುಕರು ಹಾಕುತ್ತದೆ. ಆ ಕರುವೂ ಮೂರು ವರ್ಷ ತುಂಬಿದಾಗಿನಿಂದ ವರ್ಷಕ್ಕೊಂದರಂತೆ ಕರು ಹಾಕತೊಡಗುತ್ತದೆ. ಇಪ್ಪತ್ತು ವರ್ಷಕ್ಕೆ ಒಟ್ಟು ಎಷ್ಟು ದನ? ನಾರಾಯಣ ಪಂಡಿತ 1356ರಲ್ಲಿ ಬರೆದ ‘ಗಣಿತ ಕೌಮುದಿ’ಯ ಲೆಕ್ಕ ಇದು. ಉತ್ತರ 2745.

ಲೆಕ್ಕ ಹಾಕುವ ನಿಯಮ ಸುಲಭ. ಈ ವರ್ಷದ ದನಗಳೆಂದರೆ ಹೋದ ವರ್ಷ ಇದ್ದವು, ಜೊತೆಗೆ ಹೊಸ ಕರುಗಳು. ಹೊಸ ಕರು ಹಾಕುವವು ಮೂರು ವರ್ಷದ ಹಿಂದೆಯೇ ಇದ್ದ ದನಗಳು ಮಾತ್ರ. ಹಾಗಾಗಿ ಹೋದ ವರ್ಷದ ಸಂಖ್ಯೆಗೆ ಮೂರು ವರ್ಷದ ಹಿಂದಿನ ಸಂಖ್ಯೆಯನ್ನು ಕೂಡಿದರೆ ಸಾಕು: 1, 2, 3, 4, 6, 9, 13, 19, 28, 41, 60… ಕೊನೆಗೆ 1873, 2745. ಒಂದನ್ನು ಅದರ ಹಿಂದಿನದರಿಂದ ಭಾಗಿಸುತ್ತ ಹೋಗಿ. 60/41 ಅಂದರೆ 1.4634, 2745/1873 ಅಂದರೆ 1.46556. ಈ ಅನುಪಾತ ಒಂದು ಬೆಲೆಯ ಹತ್ತಿರ ನೆಲೆ ನಿಲ್ಲುತ್ತಿದೆ. ಅದು x³ = x² + 1 ಎಂಬ ಘನ ಸಮೀಕರಣದ ಮೂಲ, 1.46557.

ಏಕೆ ಹೀಗೆ? ದನಗಳ ಸ್ಥಿತಿಯನ್ನು ಮೂರು ಸಂಖ್ಯೆಗಳಲ್ಲಿ ಬರೆದಿಡೋಣ: ಈ ವರ್ಷದ್ದು, ಹೋದ ವರ್ಷದ್ದು, ಅದರ ಹಿಂದಿನದು. ಒಂದು ವರ್ಷ ಮುಂದೆ ಹೋಗಲು ಅದನ್ನು ಈ ಮಾತೃಕೆಯಿಂದ ಗುಣಿಸಬೇಕು.

```
1 0 1
1 0 0
0 1 0
```

ಮೊದಲ ಸಾಲು ಹೊಸ ಸಂಖ್ಯೆಯನ್ನು ಕಟ್ಟುತ್ತದೆ. ಉಳಿದೆರಡು ಸಾಲುಗಳು ಹಳೆಯವನ್ನು ಒಂದೊಂದು ಸ್ಥಾನ ಕೆಳಗಿಳಿಸುತ್ತವೆ, ಅಷ್ಟೆ. ಮೊದಲ ಸಾಲಿನ 1, 0, 1 ಎಲ್ಲಿಂದ ಬಂದವು ನೋಡಿ: ಸಮೀಕರಣದ ಬಲಗಡೆಯ x², x ಮತ್ತು ಸ್ಥಿರಪದದ ಸಹಗುಣಕಗಳೇ ಅವು. ಇದೇ ಆ ಬಹುಪದೋಕ್ತಿಯ ಕಂಪ್ಯಾನಿಯನ್ ಮ್ಯಾಟ್ರಿಕ್ಸ್. ಅತಿ ಹೆಚ್ಚಿನ ಘಾತದ ಸಹಗುಣಕ 1 ಆಗಿರುವ ಯಾವ ಬಹುಪದೋಕ್ತಿಗಾದರೂ ಹೀಗೆ ಒಂದನ್ನು ಯಾವ ಲೆಕ್ಕವೂ ಇಲ್ಲದೆ, ಸುಮ್ಮನೆ ನೋಡಿಯೇ ಬರೆಯಬಹುದು.

ಈಗ r ಎಂಬುದು ಆ ಸಮೀಕರಣದ ಒಂದು ಮೂಲ ಎಂದಿಟ್ಟುಕೊಳ್ಳಿ. r², r, 1 ಎಂಬ ಮೂರು ಸಂಖ್ಯೆಗಳ ಕಂಬಸಾಲನ್ನು ಈ ಮಾತೃಕೆಯಿಂದ ಗುಣಿಸಿದರೆ r² + 1, r², r ಸಿಗುತ್ತವೆ. r ಮೂಲವಾದ್ದರಿಂದ r² + 1 ಎಂದರೆ r³. ಅಂದರೆ ಕೈಗೆ ಬಂದದ್ದು r³, r², r: ಮೊದಲಿದ್ದ ಕಂಬಸಾಲೇ, r ಪಟ್ಟು ಹಿಗ್ಗಿದ್ದು. ಮಾತೃಕೆ ಒಂದು ಕಂಬಸಾಲಿನ ದಿಕ್ಕು ಬದಲಿಸದೆ ಬರೀ ಹಿಗ್ಗಿಸಿದರೋ ಕುಗ್ಗಿಸಿದರೋ ಆ ಪಟ್ಟನ್ನು ಐಗನ್ ಮೌಲ್ಯ ಎನ್ನುತ್ತಾರೆ. ಸಮೀಕರಣದ ಮೂಲಗಳೇ ಮಾತೃಕೆಯ ಐಗನ್ ಮೌಲ್ಯಗಳು ಎಂಬ ಮಾತಿಗೆ ಇಷ್ಟೇ ಸಾಧನೆ ಸಾಕು. ಇದಕ್ಕಿಂತ ಚೊಕ್ಕವಾದ ಸಾಧನೆಗಳು ಬೀಜಗಣಿತದಲ್ಲಿ ಹೆಚ್ಚಿಲ್ಲ ಎಂದೇ ನನ್ನ ಭಾವನೆ.

ಮತ್ತೆ ಮತ್ತೆ ಗುಣಿಸಿದಾಗ ಅತಿ ದೊಡ್ಡ ಐಗನ್ ಮೌಲ್ಯ ಉಳಿದವನ್ನು ಹಿಂದಿಕ್ಕುತ್ತದೆ. ಹಸುವಿನ ಲೆಕ್ಕದಲ್ಲಿ 1.46557 ಕಾಣಿಸಿದ್ದು ಅದಕ್ಕೇ. ಇನ್ನೆರಡು ಮೂಲಗಳು ಕಾಂಪ್ಲೆಕ್ಸ್ ಸಂಖ್ಯೆಗಳು, ಅವುಗಳ ಗಾತ್ರ ಸುಮಾರು 0.826. ಎಲ್ಲ ಮೂಲಗಳೂ ಒಟ್ಟಿಗೆ ಬೇಕೆಂದರೆ 1961ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಫ್ರಾನ್ಸಿಸ್ ಮತ್ತು ರಷ್ಯಾದ ವೆರಾ ಕುಬ್ಲನೋವ್‌ಸ್ಕಾಯಾ ಬೇರೆಬೇರೆಯಾಗಿ ಕಂಡುಕೊಂಡ ಕ್ಯೂಆರ್ ವಿಧಾನ ಇದೆ. ಐದನೆಯ ಘಾತದಿಂದಾಚೆಗೆ ಮೂಲಗಳಿಗೆ ವರ್ಗಮೂಲ, ಘನಮೂಲಗಳಂಥವುಗಳ ಸಾಮಾನ್ಯ ಸೂತ್ರ ಇಲ್ಲವೆಂದು ಅಬೆಲ್ 1824ರಲ್ಲೇ ತೋರಿಸಿದ್ದ. ಆದ್ದರಿಂದ ಈ ವಿಧಾನವೂ ಹಂತಹಂತವಾಗಿ ಉತ್ತರದ ಹತ್ತಿರ ಹೋಗುವಂಥದ್ದೇ. ಇಂದು ಪೈಥಾನ್‌ನಲ್ಲಿ

```
import numpy as np
np.roots([1, -1, 0, -1])
```

ಎಂದು ಬರೆದರೆ ಒಳಗೆ ನಡೆಯುವುದು ಇದೇ: ಕಂಪ್ಯಾನಿಯನ್ ಮ್ಯಾಟ್ರಿಕ್ಸ್ ಕಟ್ಟಿ ಅದರ ಐಗನ್ ಮೌಲ್ಯ ಹುಡುಕುವುದು. ತರಗತಿಯಲ್ಲಿ ಕಲಿಸುವುದು ಇದರ ತಿರುಗುಮುರುಗು. ಅಲ್ಲಿ ಮಾತೃಕೆಯಿಂದ ಬಹುಪದೋಕ್ತಿ ಮಾಡಿ ಅದರ ಮೂಲ ಹುಡುಕುತ್ತೇವೆ.

ಆ ತರಗತಿಯ ದಾರಿ ಕಂಪ್ಯೂಟರಿನಲ್ಲಿ ಎಷ್ಟು ಅಪಾಯದ್ದು ಎಂದು ತೋರಿಸಿದವರು ಜೇಮ್ಸ್ ವಿಲ್ಕಿನ್ಸನ್. ಅವರು 1, 2, 3 ಎಂದು 20ರವರೆಗಿನ ಸಂಖ್ಯೆಗಳೇ ಮೂಲಗಳಾಗಿರುವ ಬಹುಪದೋಕ್ತಿಯನ್ನು ತೆಗೆದುಕೊಂಡರು. ಅದರಲ್ಲಿ x¹⁹ರ ಸಹಗುಣಕ −210. ಅದರಿಂದ 2⁻²³ರಷ್ಟನ್ನು, ಅಂದರೆ ಸುಮಾರು 0.00000012 ಕಳೆದರು. 16 ಮತ್ತು 17 ಎಂಬ ಮೂಲಗಳು ಮಾಯವಾಗಿ ಅವುಗಳ ಜಾಗದಲ್ಲಿ 16.73 ± 2.81i ಎಂಬ ಕಾಂಪ್ಲೆಕ್ಸ್ ಜೋಡಿ ಬಂತು! ತಪ್ಪು ಯಾವ ವಿಧಾನದ್ದೂ ಅಲ್ಲ. ಬದಲಾದ ಸಮೀಕರಣದ ನಿಜವಾದ ಮೂಲಗಳೇ ಅವು. ಮೂಲಗಳ ಮಾಹಿತಿಯನ್ನು ಸಹಗುಣಕಗಳಲ್ಲಿ ತುಂಬಿದ್ದೇ ಅದನ್ನು ಇಷ್ಟು ನಾಜೂಕಾಗಿಸಿತು.

ನಿಮ್ಮ ಸಮೀಕರಣ ಇಂಥದ್ದೇ ಎಂದು ತಿಳಿಯಲು ಒಂದು ಸಹಗುಣಕದ ಕೊನೆಯ ಅಂಕಿಗಳನ್ನು ಚೂರು ಅಲುಗಿಸಿ ಮತ್ತೆ ಲೆಕ್ಕ ಹಾಕಿ. ಮೂಲಗಳು ದೂರ ಹಾರಿದರೆ ಪರದೆಯ ಮೇಲಿನ ಅಷ್ಟೂ ದಶಮಾಂಶ ಸ್ಥಾನಗಳನ್ನು ನಂಬುವ ಹಾಗಿಲ್ಲ. ಒಂದೇ ಮೂಲ ಎರಡು ಮೂರು ಸಲ ಬರುವಾಗಲೂ ಇದೇ ಪಾಡು. ಲೆಕ್ಕ ಹುಟ್ಟಿದ್ದೇ ಮಾತೃಕೆಯಾಗಿ ಎಂದಾದರೆ ಅದನ್ನು ಬಹುಪದೋಕ್ತಿಯಾಗಿ ಬಿಡಿಸುವ ಗೋಜಿಗೇ ಹೋಗದೆ ನೇರವಾಗಿ ಐಗನ್ ಮೌಲ್ಯಗಳನ್ನೇ ಕೇಳಬೇಕು.